ಸಹಾಯಕ್ಕೆ ಬರ್ತೀವಿ ಅಂದವರಿಗೆ ‘ಈ ಸಲ ಬೇಡ’ ಅನ್ನುವುದು ಹೇಗೆ?

ನಾವು ನಡೆಸುವ ಓಟದ ಸ್ಪರ್ಧೆ ಇದ್ದದ್ದು ಭಾನುವಾರ. ಫೋನ್ ಬಂದದ್ದು ಗುರುವಾರ ರಾತ್ರಿ.

“ಸರ್, ನಾವು ಎಂಟು ಜನ ಫ್ರೆಂಡ್ಸ್ ಇದ್ದೀವಿ. ಭಾನುವಾರ ಏನು ಕೆಲಸ ಕೊಟ್ಟರೂ ಮಾಡ್ತೀವಿ. ದುಡ್ಡು ಗಿಡ್ಡು ಏನೂ ಬೇಡ.”

ನನಗೆ ಎಷ್ಟು ಖುಷಿಯಾಯಿತು ಅಂದರೆ, ಹಿಂದೆಮುಂದೆ ನೋಡದೆ “ಬನ್ನಿ” ಅಂದುಬಿಟ್ಟೆ. ಎಂಟು ಜನ ಬಂದರು. ಒಳ್ಳೆಯ ಹುಡುಗರು, ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ ಬಂದಿದ್ದರು. ಅವರನ್ನು ಐದನೇ ಕಿಲೋಮೀಟರಿನ ನೀರಿನ ಟೇಬಲ್‌ಗಳಿಗೆ ಕಳಿಸಿದೆ. ನೀರು ಕೊಡೋದು ತಾನೆ, ಅದರಲ್ಲಿ ಏನಿದೆ ಅನ್ನುವುದು ಆಗ ನನ್ನ ಲೆಕ್ಕ.

ಆ ಬೆಳಿಗ್ಗೆ ಅಲ್ಲಿ ಒಬ್ಬ ಓಟಗಾರ ಬಿದ್ದು ಮಂಡಿ ಒಡೆದುಕೊಂಡ. ಇನ್ನೂ ಒಂದಷ್ಟು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ತಪ್ಪು ಆ ಎಂಟು ಜನರದ್ದಲ್ಲ, ನನ್ನದು. ಆಮೇಲೆ ನಾನು ‘ಬೇಡ’ ಅನ್ನುವುದನ್ನು ಕಲಿತೆ. ಅದಕ್ಕೂ ಒಂದು ಕ್ರಮ ಇದೆ. ಓಟದ ಉದಾಹರಣೆ ಇಟ್ಟುಕೊಂಡೇ ಅದನ್ನು ಹೇಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

ಮೊದಲು: ನೀರು ಕೊಡುವುದರಲ್ಲಿ ಏನಿದೆ?

ಈ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇಲ್ಲದಿದ್ದರೆ ಯಾರಿಗೂ ಬೇಡ ಅನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಇಲ್ಲಿಂದಲೇ ಶುರು ಮಾಡೋಣ.

ಹತ್ತು ಕಿಲೋಮೀಟರ್ ಓಟ, 1,200 ಓಟಗಾರರು ಅಂದುಕೊಳ್ಳಿ. ಐದನೇ ಕಿಲೋಮೀಟರಿಗೆ ಮೊದಲನೆಯವರು ಸುಮಾರು 16 ನಿಮಿಷಕ್ಕೆ ಬರುತ್ತಾರೆ, ಕೊನೆಯವರು 45 ನಿಮಿಷಕ್ಕೆ. ಆದರೆ ಎಲ್ಲರೂ ಒಂದೇ ಸಮನಾಗಿ ಹರಿದು ಬರುವುದಿಲ್ಲ. ಮಧ್ಯದ ಹತ್ತು ನಿಮಿಷದಲ್ಲಿ 700 ಜನ ಬಂದರೂ ಆಶ್ಚರ್ಯವಿಲ್ಲ. ಅಂದರೆ ನಿಮಿಷಕ್ಕೆ 70. ಹತ್ತು ಜನ ನೀರು ಕೊಡುತ್ತಿದ್ದರೆ ಒಬ್ಬೊಬ್ಬರ ಕೈಯಿಂದ ಎಂಟೊಂಬತ್ತು ಸೆಕೆಂಡಿಗೆ ಒಂದು ಲೋಟ ಹೋಗಬೇಕು.

ಗೊತ್ತಿಲ್ಲದವರು ಲೋಟವನ್ನು ಅಂಚಿನವರೆಗೆ ತುಂಬುತ್ತಾರೆ. ಓಡುವವನ ಕೈಗೆ ಅದು ಸಿಗುವಷ್ಟರಲ್ಲಿ ಅರ್ಧ ನೆಲಕ್ಕೆ ಚೆಲ್ಲಿರುತ್ತದೆ, ರಸ್ತೆ ಜಾರುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಸಾಕು. ಲೋಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬಾರದು, ಮೇಲಿನ ಅಂಚನ್ನು ಬೆರಳ ತುದಿಯಲ್ಲಿ ಹಿಡಿಯಬೇಕು. ಆಗ ಅವರು ಲೋಟದ ನಡುವನ್ನು ಹಿಡಿದು ಎಳೆದುಕೊಂಡು ಹೋಗಬಹುದು. ಕೈ ಚಾಚಬೇಕು, ಕಾಲು ಮಾತ್ರ ಓಟದ ದಾರಿಗೆ ಬರಬಾರದು. ಅವರು ಲೋಟ ಹಿಡಿಯುವಾಗ ನಮ್ಮ ಕೈ ಅವರು ಹೋಗುವ ದಿಕ್ಕಿಗೇ ಸ್ವಲ್ಪ ಸರಿಯಬೇಕು.

ಇಷ್ಟೇ ಆಗಿದ್ದರೆ ಐದು ನಿಮಿಷದಲ್ಲಿ ಹೇಳಿಕೊಡಬಹುದಿತ್ತು. ನಿಜವಾದ ತೊಂದರೆ ಮೊದಲ ಟೇಬಲ್‌ನದ್ದು. ಸಾಲಾಗಿ ಆರು ಟೇಬಲ್ ಇಟ್ಟರೂ ಬಾಯಾರಿದವರೆಲ್ಲ ಮೊದಲನೆಯದಕ್ಕೇ ಮುಗಿಬೀಳುತ್ತಾರೆ. ಅಲ್ಲಿ ನಿಂತವರು “ಮುಂದೆ ಇನ್ನೂ ಇದೆ, ಮುಂದೆ ಹೋಗಿ” ಅಂತ ಕೂಗುತ್ತಲೇ ಇರಬೇಕು. ಗೊತ್ತಿಲ್ಲದವರು ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ಮೊದಲ ಟೇಬಲ್‌ನಲ್ಲಿ ನೂಕುನುಗ್ಗಲು ಕಂಡ ಕೂಡಲೇ ಸಹಾಯ ಮಾಡೋಣ ಅಂತ ತಮ್ಮ ಟೇಬಲ್‌ಗಳನ್ನು ಬಿಟ್ಟು ಅಲ್ಲಿಗೇ ಓಡಿ ಬರುತ್ತಾರೆ. ಈಗ ನಾಲ್ಕು ಟೇಬಲ್ ಖಾಲಿ, ಎರಡರಲ್ಲಿ ಗದ್ದಲ. ನಮ್ಮಲ್ಲಿ ಆದದ್ದೂ ಅದೇ. ಅದರ ಮೇಲೆ, ಎಂಟರಲ್ಲಿ ಒಬ್ಬ ಹುಡುಗ ನೆಲದಲ್ಲಿ ಬಿದ್ದ ಲೋಟ ಆರಿಸಲು ರಸ್ತೆಯ ನಡುವಿಗೇ ಬಗ್ಗಿದ. ಓಟಗಾರ ಬಿದ್ದದ್ದು ಅವನನ್ನು ತಪ್ಪಿಸಲು ಹೋಗಿ.

ಅವನು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ರಸ್ತೆ ಗಲೀಜಾಗಿದೆ, ಸ್ವಚ್ಛ ಮಾಡೋಣ ಅಂತ. ಕಲಿಯದೆ ಬಂದವರ ವಿಷಯದಲ್ಲಿ ಕಷ್ಟ ಇದೇ ನೋಡಿ. ಅವರು ಸುಮ್ನೆ ನಿಲ್ಲುವುದಿಲ್ಲ. ಸೋಮಾರಿಯನ್ನು ಬದಿಗೆ ನಿಲ್ಲಿಸಬಹುದು, ಉತ್ಸಾಹಿಯನ್ನು ನಿಲ್ಲಿಸಲು ಇನ್ನೊಬ್ಬ ಬೇಕು.

ಯಾರೂ ಕೇಳುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ

ಆ ‘ಇನ್ನೊಬ್ಬ’ ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದೇ ಲೆಕ್ಕ. ವಾಲಂಟಿಯರ್‌ಗಳು ಎಷ್ಟು ಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನೋಡಿಕೊಳ್ಳುವವರು ಎಷ್ಟು ಇದ್ದಾರೆ ಅಂತ ಹಾಕುವವರು ಕಡಿಮೆ.

ಇದಕ್ಕೆ ಒಂದು ಅಳತೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ದೊಡ್ಡ ಕಾಡ್ಗಿಚ್ಚುಗಳು ಎದ್ದಾಗ ಬೇರೆ ಬೇರೆ ಇಲಾಖೆಗಳ ತಂಡಗಳು ಬಂದು, ಯಾರ ಮಾತು ಯಾರು ಕೇಳಬೇಕು ಅನ್ನುವುದೇ ಗೊಂದಲವಾಗಿತ್ತು. ಆ ಅನುಭವದಿಂದ ತುರ್ತು ಕೆಲಸಕ್ಕೆ ಒಂದು ಆಡಳಿತ ಪದ್ಧತಿ ಹುಟ್ಟಿತು. ಅದರಲ್ಲಿ ಒಬ್ಬ ಮೇಲ್ವಿಚಾರಕನ ಕೆಳಗೆ ಮೂರರಿಂದ ಏಳು ಜನ ಇರಬೇಕು, ಐದು ಇದ್ದರೆ ಉತ್ತಮ ಅನ್ನುತ್ತಾರೆ. ಓಟ ಕಾಡ್ಗಿಚ್ಚಲ್ಲ, ನಿಜ. ಆದರೆ ಗಡಿಯಾರ ಓಡುತ್ತಿರುವಾಗ ಒಬ್ಬ ಮನುಷ್ಯನ ಗಮನ ಎಷ್ಟು ಜನರಿಗೆ ಸಾಕಾಗುತ್ತದೆ ಅನ್ನುವುದು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ನಮ್ಮಲ್ಲಿ ಈಗ ಹತ್ತು ಜನ ತಂಡದ ಲೀಡರ್‌ಗಳಿದ್ದಾರೆ. ತಲೆಗೆ ಐದು ಜನರಂತೆ 50 ವಾಲಂಟಿಯರ್. ಇವರ ಜೊತೆ ಕಲಿತು ಸಿದ್ಧರಿರುವ ಆರು ಜನ ಮೀಸಲು. ಅವರು ನನ್ನ ಹತ್ತಿರ ಇರುತ್ತಾರೆ. ಯಾರಾದರೂ ಬಾರದೆ ಹೋದರೆ ಆ ಜಾಗಕ್ಕೆ ಹೋಗುವುದು ಇವರೇ. 56ನೆಯ ಹೆಸರು ತುಂಬಿದ ಮೇಲೆ ಪಟ್ಟಿ ಮುಗಿಯಿತು. 57ನೆಯವರು ಎಷ್ಟೇ ಜಾಣರಾಗಿದ್ದರೂ ಅವರನ್ನು ನೋಡಿಕೊಳ್ಳುವ ಕಣ್ಣು ನಮ್ಮಲ್ಲಿಲ್ಲ.

ತಲೆಗೆ ಏಳರವರೆಗೆ ಹೋಗಬಹುದಲ್ಲ ಅಂತ ನೀವು ಕೇಳಬಹುದು. ಹೋಗಬಹುದು, ಕೆಲಸ ಕಲಿತವರಾದರೆ. ಕಲಿತ ಐವರಿಗೆ ಲೀಡರ್ ಆಗಾಗ ಒಂದು ನೋಟ ಹರಿಸಿದರೆ ಸಾಕು. ಕಲಿಯದ ಒಬ್ಬರಿಗೆ ಅವರು ಪಕ್ಕದಲ್ಲೇ ನಿಲ್ಲಬೇಕು. ಆಗ ಉಳಿದ ಐವರಿಗೆ ಲೀಡರ್ ಇಲ್ಲದಂತಾಯಿತು. ಹಾಗಾಗಿ ಕಲಿಯದ ಒಬ್ಬರು ಸೇರಿದರೆ ಎರಡು ಕೈ ಹೆಚ್ಚಾಯಿತು ಅಂತ ನಾನು ಎಣಿಸುವುದಿಲ್ಲ, ಒಬ್ಬ ಲೀಡರ್ ಕಡಿಮೆ ಆದರು ಅಂತ ಎಣಿಸುತ್ತೇನೆ.

ಹಾಗಾದರೆ ಅಂದೇ ಬೆಳಿಗ್ಗೆ ಕಲಿಸಬಾರದೇ? ನೀರಿನ ಟೇಬಲ್‌ನ ಲೀಡರ್ ಬೆಳಿಗ್ಗೆ ಏನೇನು ಮಾಡುತ್ತಾರೆ ನೋಡಿ. ಓಟ ಶುರುವಾಗುವುದು 6:30ಕ್ಕೆ. ಅವರು ಐದಕ್ಕೆ ಬಂದು 5:40ರವರೆಗೆ ಟೇಬಲ್ ಜೋಡಿಸುತ್ತಾರೆ. 6:15ರವರೆಗೆ ಲೋಟ ತುಂಬಿ, ಮೇಲೆ ರಟ್ಟು ಇಟ್ಟು, ಅದರ ಮೇಲೆ ಎರಡನೇ ಪದರ ತುಂಬುತ್ತಾರೆ. 6:20ಕ್ಕೆ ವಾಕಿಟಾಕಿಯಲ್ಲಿ ‘ನಾವು ರೆಡಿ’ ಅನ್ನಬೇಕು. ಮೊದಲ ಓಟಗಾರ 6:46ಕ್ಕೆ ಕಾಣಿಸುತ್ತಾನೆ. ನಡುವೆ ಇಪ್ಪತ್ತೈದು ನಿಮಿಷ ಇದೆಯಲ್ಲ ಅನ್ನಿಸುತ್ತದೆ. ಕಾಗದದ ಮೇಲೆ ಇದೆ. ಆದರೆ ರಸ್ತೆಗೆ ನುಗ್ಗಿದ ಬೈಕು, ಗಾಳಿಗೆ ಹಾರಿದ ಲೋಟದ ಕಟ್ಟು, ಎಲ್ಲೋ ಮರೆತ ಕಸದ ಚೀಲ ಎಲ್ಲವೂ ಅದರೊಳಗೇ ಬರುತ್ತವೆ. ನಾವು ನೀರಿನ ತಂಡಕ್ಕೆ ಕಲಿಸಲು 40 ನಿಮಿಷ ತೆಗೆದುಕೊಳ್ಳುತ್ತೇವೆ. ತಿರುವಿನಲ್ಲಿ ನಿಲ್ಲುವವರಿಗೆ ಒಂದು ಗಂಟೆ, ಆ ಜಾಗಕ್ಕೇ ಕರೆದುಕೊಂಡು ಹೋಗಿ. ಇವೆರಡೂ ಓಟದ ಹಿಂದಿನ ಭಾನುವಾರವೇ ಮುಗಿದಿರುತ್ತವೆ.

ಆದ್ದರಿಂದ ವಾಲಂಟಿಯರ್ ಹೆಸರು ಬರೆಸಿಕೊಳ್ಳುವ ಕೊನೆಯ ದಿನ ಯಾವುದು ಅಂದರೆ, ಕಲಿಸುವ ದಿನದ ಹಿಂದಿನ ದಿನ. ಓಟದ ಹಿಂದಿನ ದಿನ ಅಲ್ಲ. ಇದನ್ನು ಮೊದಲ ಪ್ರಕಟಣೆಯಲ್ಲೇ ಬರೆದುಬಿಡಿ. ಆಮೇಲೆ ನೀವು ಹೇಳುವ ‘ಬೇಡ’ಗಳಲ್ಲಿ ಮುಕ್ಕಾಲು ಪಾಲನ್ನು ಆ ಒಂದು ಸಾಲೇ ಹೇಳುತ್ತದೆ.

ಫೋನ್ ಬಂದಾಗ

ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. ಆಮೇಲೆ ಎರಡೇ ಪ್ರಶ್ನೆ: ಮುಂಚೆ ಈ ಥರ ಓಟದಲ್ಲಿ ಯಾವುದಾದರೂ ಜಾಗದಲ್ಲಿ ಕೆಲಸ ಮಾಡಿದ್ದೀರಾ? ನಮ್ಮ ತರಬೇತಿಗೆ ಬಂದಿದ್ದಿರಾ? ಎರಡಕ್ಕೂ ಇಲ್ಲ ಅಂದರೆ ಅದೇ ಕರೆಯಲ್ಲಿ ಉತ್ತರ ಹೇಳಿಬಿಡಿ. ಮೊದಲನೆಯದಕ್ಕೆ ಹೌದು ಅಂದರೂ ನಾನು ಮೀಸಲು ಪಟ್ಟಿಯಲ್ಲಿ ಜಾಗ ಇದ್ದರೆ ಮಾತ್ರ ಮಾತು ಮುಂದುವರಿಸುತ್ತೇನೆ. ಬೇರೆ ಓಟದಲ್ಲಿ ಕಲಿತವರಿಗೂ ನಮ್ಮ ದಾರಿ ಗೊತ್ತಿರುವುದಿಲ್ಲ.

ಇಲ್ಲಿ ನಾವೆಲ್ಲ ಮಾಡುವ ತಪ್ಪು ‘ನೋಡ್ತೀನಿ, ಹೇಳ್ತೀನಿ’ ಅನ್ನುವುದು. ಎದುರಿನವರಿಗೆ ಬೇಜಾರಾಗಬಾರದು ಅಂತ ಹಾಗೆ ಅನ್ನುತ್ತೇವೆ. ಅವರು ಅದನ್ನು ‘ಹೌದು’ ಅಂತಲೇ ಕೇಳಿಸಿಕೊಳ್ಳುತ್ತಾರೆ. ಅಲಾರಂ ಇಟ್ಟು ಎದ್ದು ಬರುತ್ತಾರೆ. ಗುರುವಾರ ಫೋನಿನಲ್ಲಿ ಆಗಬೇಕಿದ್ದ ಎರಡು ನಿಮಿಷದ ಬೇಜಾರು, ಭಾನುವಾರ ಎಲ್ಲರೆದುರು ಹತ್ತು ನಿಮಿಷದ ಅವಮಾನವಾಗುತ್ತದೆ.

ಇನ್ನೊಂದು ತಪ್ಪು ‘ಜನ ಸಾಕಷ್ಟು ಇದ್ದಾರೆ’ ಅನ್ನುವ ಸುಳ್ಳು. ಇದು ಸುಲಭ, ಮೆತ್ತಗೂ ಇದೆ. ಆದರೆ ಅವರು ಓಟ ನೋಡಲು ಬಂದು, ನೀವು ಬೆವರು ಸುರಿಸಿ ಅತ್ತಿಂದಿತ್ತ ಓಡುತ್ತಿರುವುದನ್ನು ಕಂಡರೆ? ಸುಳ್ಳು ಅಂತ ಗೊತ್ತಾಗುತ್ತದೆ. ‘ನಮ್ಮನ್ನು ಇಷ್ಟ ಪಡಲಿಲ್ಲ’ ಅಂದುಕೊಳ್ಳುತ್ತಾರೆ. ಅಥವಾ ‘ಪಾಪ, ಜನ ಕಡಿಮೆ ಆಗಿದ್ದಾರೆ’ ಅಂತ ತಾವೇ ಇಳಿದುಬಿಡುತ್ತಾರೆ. ಎರಡನೆಯದೇ ಜಾಸ್ತಿ ಅಪಾಯ.

ಕಾರಣವನ್ನು ಇದ್ದ ಹಾಗೆ ಹೇಳಿ. ಅದು ಅವರ ಬಗ್ಗೆ ಇರಬಾರದು, ನಿಮ್ಮ ಬಗ್ಗೆ ಇರಬೇಕು. ‘ನಿಮಗೆ ಬರಲ್ಲ’ ಅಲ್ಲ, ‘ನಮಗೆ ಕಲಿಸೋಕೆ ಟೈಮ್ ಇಲ್ಲ’. ಯೋಚಿಸಿದರೆ ನಿಜವೂ ಅದೇ. ನಾನು ಹೇಳುವುದು ಸುಮಾರಾಗಿ ಹೀಗೆ:

“ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈ ಸಲ ನಾನು ನಿಮ್ಮನ್ನು ಸೇರಿಸಿಕೊಳ್ಳೋಕೆ ಆಗಲ್ಲ. ಪ್ರತಿ ಜಾಗದವರಿಗೂ ಕಳೆದ ಭಾನುವಾರ ಕಲಿಸಿ ಮುಗಿಸಿದ್ದೀವಿ. ಈಗ ಹೊಸಬರ ಜೊತೆ ನಿಂತು ಹೇಳಿಕೊಡೋಕೆ ನನ್ನ ಹತ್ತಿರ ಒಬ್ಬರೂ ಬಿಡುವಾಗಿಲ್ಲ. ಹಾಗಾಗಿ ಭಾನುವಾರ ಕೆಲಸಕ್ಕೆ ಅಂತ ಬರಬೇಡಿ. ನೋಡೋಕೆ ಬನ್ನಿ, ಖಂಡಿತ.”

‘ಕೆಲಸಕ್ಕೆ ಅಂತ ಬರಬೇಡಿ’ ಅನ್ನುವ ಮಾತು ಒರಟು ಅನ್ನಿಸಬಹುದು. ಅದನ್ನು ಬಿಟ್ಟು ನೋಡಿದ್ದೇನೆ. ಬಿಟ್ಟ ಸಲವೆಲ್ಲ ಒಬ್ಬರಾದರೂ ಬಂದಿದ್ದಾರೆ.

ಫೋನ್ ಇಟ್ಟ ಮೇಲೆ ಇದನ್ನೇ ಎರಡು ಸಾಲಿನ ಮೆಸೇಜ್ ಮಾಡಿ ಕಳಿಸಿ. ಎಂಟು ಜನರ ಪರವಾಗಿ ಒಬ್ಬ ಮಾತಾಡಿರುತ್ತಾನೆ. ಅವನು ಉಳಿದವರಿಗೆ ಹೇಳುವಾಗ ಮಾತು ಬದಲಾಗುತ್ತದೆ. ಮೆಸೇಜ್ ಇದ್ದರೆ ಹಾಗೇ ಕಳಿಸುತ್ತಾನೆ.

“ನೀರು ಕೊಡೋಕೂ ಟ್ರೈನಿಂಗ್ ಬೇಕಾ ಸರ್?” ಅಂತ ನಗುತ್ತಾ ಕೇಳುವವರು ಇದ್ದೇ ಇರುತ್ತಾರೆ. ಸಿಟ್ಟಾಗಬೇಡಿ. ಒಳ್ಳೆಯ ಪ್ರಶ್ನೆ ಅದು. ‘ನಿಮಿಷಕ್ಕೆ 70 ಜನ ಬರ್ತಾರೆ, ಒಬ್ಬರಿಗೆ ಎಂಟು ಸೆಕೆಂಡು’ ಅನ್ನಿ. ಲೋಟ ಆರಿಸಲು ಬಗ್ಗಿದ ಹುಡುಗನ ಕಥೆ ಹೇಳಿ. ನನ್ನ ಅನುಭವದಲ್ಲಿ ಆ ಒಂದು ಕಥೆಗೆ ಎಲ್ಲರೂ “ಓ, ಹೌದಾ” ಅಂತಾರೆ. ನಿಯಮ ಹೇಳಿದರೆ ವಾದಕ್ಕೆ ಬರುತ್ತಾರೆ.

ಸಮಾಧಾನಕ್ಕೆ ಅಂತ ಕೆಲಸ ಹುಟ್ಟಿಸಬೇಡಿ

ಬೇಡ ಅಂದ ಮೇಲೆ ನಮಗೇ ಒಂಥರಾ ಆಗುತ್ತದೆ. ಆಗ “ಬೇಕಾದರೆ ತಿರುವಿನ ಹತ್ತಿರ ನಿಂತು ಚಪ್ಪಾಳೆ ತಟ್ಟಿ, ದಾರಿ ತೋರಿಸ್ತಾ ಇರಿ” ಅಂದುಬಿಡುತ್ತೇವೆ. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ.

ತಿರುವಿನಲ್ಲಿ ಆಗುವ ತಪ್ಪಿಗೆ ಮದ್ದಿಲ್ಲ. 2021ರಲ್ಲಿ ಇಂಗ್ಲೆಂಡಿನ ಬ್ರೈಟನ್ ಮ್ಯಾರಥಾನ್‌ನಲ್ಲಿ ಓಟಗಾರರು ಓಡಬೇಕಾದ್ದಕ್ಕಿಂತ 568 ಮೀಟರ್ ಜಾಸ್ತಿ ಓಡಿದರು. ತಿರುವಿನ ಕೋನ್ ತಪ್ಪು ಜಾಗದಲ್ಲಿ ಇತ್ತು, ಅಷ್ಟೇ. ವರ್ಷಗಳ ಅನುಭವ ಇರುವ ದೊಡ್ಡ ಓಟದಲ್ಲೇ ಹೀಗೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ತಮ್ಮ ಸಮಯ ನೋಡಿಕೊಳ್ಳಲು ಬಂದವರಿಗೆ ಆ ಓಟವನ್ನು ಮತ್ತೆ ಕೊಡಲು ಆಗುವುದಿಲ್ಲ.

ಯಾವ ಕೆಲಸವನ್ನು ಕಲಿಯದವರಿಗೆ ಕೊಡಬಹುದು ಅಂತ ನೋಡಲು ನಾನು ಕೇಳಿಕೊಳ್ಳುವುದು ಇಷ್ಟು. ಇಲ್ಲಿ ತಪ್ಪಾದರೆ ಯಾರಿಗಾದರೂ ಕೂಡಲೇ ಕಾಣುತ್ತದೆಯೇ? ಕಂಡ ಮೇಲೆ ಐದು ನಿಮಿಷದಲ್ಲಿ ಸರಿ ಮಾಡಬಹುದೇ? ಎರಡಕ್ಕೂ ಹೌದು ಅಂದರೆ, ಅವರ ಜೊತೆ ಇರಲು ಆ ಹೊತ್ತಿಗೆ ಒಬ್ಬ ಲೀಡರ್ ಬಿಡುವಾಗಿದ್ದಾರೆಯೇ?

ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಬಿಬ್ ನಂಬರ್‌ಗಳನ್ನು ಕವರಿಗೆ ಹಾಕುವ ಕೆಲಸ ತೆಗೆದುಕೊಳ್ಳಿ. ಸುಲಭ ಅಂತ ಕಾಣುತ್ತದೆ. ಆದರೆ ಒಂದು ಕವರಿನಲ್ಲಿ ನಂಬರ್ ಅದಲುಬದಲಾದರೆ ಓಟದ ಫಲಿತಾಂಶ ಬರುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಬಿಬ್‌ನ ಹಿಂದೆ ತುರ್ತು ಸಂಪರ್ಕದ ಫೋನ್ ನಂಬರ್ ಬರೆದಿದ್ದರೆ, ಕುಸಿದು ಬಿದ್ದವರ ಮನೆಗೆ ಹೋಗಬೇಕಾದ ಕರೆ ಬೇರೆ ಯಾರ ಮನೆಗೋ ಹೋಗುತ್ತದೆ. ಇದನ್ನು ಹೊಸಬರಿಗೆ ಕೊಡುವಂತಿಲ್ಲ. ಓಟ ಮುಗಿದ ಮೇಲೆ ಬ್ಯಾರಿಕೇಡ್ ಹೊರುವುದು, ರಸ್ತೆ ಗುಡಿಸುವುದು, ಟೇಬಲ್ ಮಡಚಿ ಲಾರಿಗೆ ತುಂಬುವುದು ಬೇರೆ ಮಾತು. ತಪ್ಪಾದರೆ ಕಣ್ಣಿಗೆ ಕಾಣುತ್ತದೆ, ಆಗ ಲೀಡರ್‌ಗಳಿಗೂ ಬಿಡುವು. “ಹತ್ತು ಗಂಟೆಗೆ ಬನ್ನಿ, ಸಾಮಾನು ಹೊರೋಕೆ ಜನ ಬೇಕು” ಅಂತ ಕೇಳಬಹುದು. ಎಂಟರಲ್ಲಿ ಒಬ್ಬಿಬ್ಬರು ಬರಬಹುದು. ಗುಡಿಸುವ ಕೆಲಸಕ್ಕೆ ಉತ್ಸಾಹ ಸ್ವಲ್ಪ ಕಡಿಮೆಯೇ, ಏನು ಮಾಡೋದು.

ಹಿಂಬಾಗಿಲಿನಿಂದ ಬಂದರೆ

ನೀವು ಬೇಡ ಅಂದವರು ನಿಮ್ಮ ಸಮಿತಿಯ ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ. ಅವರು “ಪಾಪ, ಬರಲಿ ಬಿಡಿ” ಅನ್ನುತ್ತಾರೆ. ಇದಕ್ಕೆ ಒಂದೇ ದಾರಿ. ವಾಲಂಟಿಯರ್ ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಒಬ್ಬರಿಗೇ ಇರಬೇಕು, ಅದು ಮೊದಲ ಸಭೆಯಲ್ಲೇ ತೀರ್ಮಾನ ಆಗಿರಬೇಕು. ಉಳಿದವರೆಲ್ಲ “ಅದು ಅವರು ನೋಡ್ಕೋತಾರೆ, ಅವರನ್ನೇ ಕೇಳಿ” ಅನ್ನಬೇಕು.

ಹಣ ಕೊಟ್ಟ ಪ್ರಾಯೋಜಕರು ತಮ್ಮ ಕಡೆಯ ಹದಿನೈದು ಜನರನ್ನು ಕಳಿಸುತ್ತೇವೆ ಅಂದರೆ ಕಷ್ಟ ಜಾಸ್ತಿ. ಆಗ ನಾನು ಬೇಡ ಅನ್ನುವುದಿಲ್ಲ, ಲೆಕ್ಕ ಕೇಳುತ್ತೇನೆ. “ಹದಿನೈದು ಜನ ಅಂದರೆ ಮೂರು ಲೀಡರ್ ಬೇಕು ಸರ್. ಮೂರು ಜನರನ್ನು ನೀವೇ ಹೆಸರಿಸಿ, ತಿಂಗಳ ಮುಂಚೆ ನಮ್ಮ ಜೊತೆ ದಾರಿ ನಡೆದು ಕಲಿಯಲಿ. ಎಲ್ಲರೂ ತರಬೇತಿಗೆ ಬರಲಿ.” ಒಮ್ಮೆ ಹೀಗೆ ಹೇಳಿದಾಗ ಹದಿನೈದು ಐದಾಯಿತು. ಆ ಐವರು ಸರಿಯಾಗಿ ಕಲಿತು ಬಂದರು. ತಿಂಗಳು ಇಲ್ಲ, ಮೂರೇ ದಿನ ಇದೆ ಅಂದರೆ ಪ್ರಾಯೋಜಕರಿಗೂ ಅದೇ ಉತ್ತರ. ಓಟಕ್ಕೆ ವಿಮೆ ಮಾಡಿಸಿದ್ದರೆ ಯಾರನ್ನು ವಾಲಂಟಿಯರ್ ಅಂತ ಲೆಕ್ಕಕ್ಕೆ ಹಿಡಿದಿದ್ದಾರೆ ಅಂತ ಪಾಲಿಸಿಯಲ್ಲಿ ಒಮ್ಮೆ ಓದಿಕೊಂಡಿರಿ. ಪಟ್ಟಿಯಲ್ಲಿ ಇಲ್ಲದವರು ಬಿದ್ದರೆ ಏನು ಅನ್ನುವ ಪ್ರಶ್ನೆ ದೊಡ್ಡವರಿಗೆ ಬೇಗ ಅರ್ಥವಾಗುತ್ತದೆ.

ಬೆಳಿಗ್ಗೆ ಬಂದೇ ಬಿಟ್ಟರೆ

ಎಷ್ಟೇ ಹೇಳಿದರೂ ಒಬ್ಬಿಬ್ಬರು ಬರುತ್ತಾರೆ. ಅವರನ್ನು ಮಾತಾಡಿಸಲು ವಾಲಂಟಿಯರ್ ಹಾಜರಿ ಟೇಬಲ್‌ನಲ್ಲಿ ಒಬ್ಬರನ್ನು ಮೊದಲೇ ನೇಮಿಸಿ. ಆ ಹೊತ್ತಿನಲ್ಲಿ ನಿಮಗೆ ತಾಳ್ಮೆ ಇರುವುದಿಲ್ಲ. ಅವರ ಕೈಯಲ್ಲಿ ಹೆಸರುಗಳ ಪಟ್ಟಿ, ಪಕ್ಕದಲ್ಲಿ ರಿಫ್ಲೆಕ್ಟರ್ ಜಾಕೆಟ್‌ಗಳು. ನಿಯಮ ಒಂದೇ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಜಾಕೆಟ್ ಇಲ್ಲ.

ಜಾಕೆಟ್ ಬಗ್ಗೆ ಇಷ್ಟು ಬಿಗಿ ಯಾಕೆ ಅಂದರೆ, ಓಟಗಾರರು ಮುಖ ನೋಡುವುದಿಲ್ಲ, ಜಾಕೆಟ್ ನೋಡುತ್ತಾರೆ. ಜಾಕೆಟ್ ಹಾಕಿದವನು ಎಡಕ್ಕೆ ಕೈ ತೋರಿಸಿದರೆ ಎಡಕ್ಕೆ ಓಡುತ್ತಾರೆ. ಎದೆ ನೋವು ಅಂತ ಅವನ ಹತ್ತಿರವೇ ಬರುತ್ತಾರೆ. ಅವನಿಗೆ ಡಾಕ್ಟರ್ ಎಲ್ಲಿದ್ದಾರೆ ಅಂತ ಗೊತ್ತಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ “ಅಲ್ಲಿ ಮುಂದೆ ಇರಬೇಕು” ಅನ್ನುತ್ತಾನೆ. ಬರೀ ಶರ್ಟ್ ಹಾಕಿದವನ ಮಾತನ್ನು ಯಾರೂ ಅಷ್ಟು ನಂಬುವುದಿಲ್ಲ. ಮಿಕ್ಕ ಜಾಕೆಟ್‌ಗಳನ್ನು ಮೂಟೆ ಕಟ್ಟಿ ಒಳಗಿಡಿ. ಟೇಬಲ್ ಮೇಲೆ ಬಿದ್ದಿದ್ದರೆ ಯಾರೋ ಒಬ್ಬರು ಕರುಣೆಯಿಂದ ಕೊಟ್ಟುಬಿಡುತ್ತಾರೆ.

ಹೇಳುವ ಮಾತು ಚಿಕ್ಕದಿರಲಿ. “ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ. ಇವತ್ತು ಹೊಸಬರನ್ನು ತಗೊಳ್ಳೋಕೆ ಆಗಲ್ಲ, ದಯವಿಟ್ಟು ಬೇಜಾರಾಗಬೇಡಿ. ಫೋನ್ ನಂಬರ್ ಬರೆದು ಹೋಗಿ, ಮುಂದಿನ ತರಬೇತಿಗೆ ಕರೀತೀವಿ.” ಅಲ್ಲಿಗೆ ಮುಗಿಸಿ. ವಿವರಣೆ ಉದ್ದವಾದಷ್ಟೂ ಅದರಲ್ಲಿ ಸಂದು ಹುಡುಕುತ್ತಾರೆ. “ಹಾಗಾದ್ರೆ ನಾನು ಬರೀ ಲೋಟ ತುಂಬಿಕೊಡ್ಲಾ?” ಅನ್ನುತ್ತಾರೆ.

“ನಾನು ಡಾಕ್ಟರ್” ಅಂತ ಬಂದವರನ್ನು ಮಾತ್ರ ಹಾಜರಿ ಟೇಬಲ್‌ನವರು ತೀರ್ಮಾನ ಮಾಡಬಾರದು. ವೈದ್ಯಕೀಯ ತಂಡದ ಮುಖ್ಯಸ್ಥರ ಹತ್ತಿರ ಕಳಿಸಿ. ಅವರೂ ಹೆಚ್ಚಾಗಿ ಬೇಡ ಅನ್ನುತ್ತಾರೆ. ಆ ಬೆಳಿಗ್ಗೆ ಯಾರ ಪದವಿಯನ್ನೂ ಪರೀಕ್ಷಿಸಲು ಆಗುವುದಿಲ್ಲ, ಹೊಸ ಡಾಕ್ಟರಿಗೂ ಔಷಧದ ಚೀಲ ಎಲ್ಲಿದೆ, ಆಂಬುಲೆನ್ಸ್ ಯಾವ ಕಡೆಯಿಂದ ಬರುತ್ತದೆ ಗೊತ್ತಿರುವುದಿಲ್ಲ. ಆದರೆ ಆ ಮಾತನ್ನು ಹೇಳಬೇಕಾದವರು ಅವರೇ.

ಹೇಳದೆ ಕೇಳದೆ ಕೆಲಸಕ್ಕೆ ಇಳಿದವರನ್ನು ಗುರುತಿಸುವುದು ಸುಲಭ. ಜಾಕೆಟ್ ಇರುವುದಿಲ್ಲ, ಆದರೆ ನಮ್ಮ ಟೇಬಲ್‌ನ ಒಳಬದಿಯಲ್ಲಿ ನಿಂತಿರುತ್ತಾರೆ. ಸಾಮಾನ್ಯವಾಗಿ ನಮ್ಮದೇ ವಾಲಂಟಿಯರ್‌ನ ತಮ್ಮನೋ ಗೆಳತಿಯೋ ಆಗಿರುತ್ತಾರೆ. ಲೀಡರ್ ಹೋಗಿ ಮೆಲ್ಲಗೆ “ಈ ಟೇಬಲ್‌ನಿಂದ ಆಚೆ ಬದಿಗೆ ಬನ್ನಿ, ಅಲ್ಲಿಂದ ಚೆನ್ನಾಗಿ ಕಾಣುತ್ತೆ” ಅನ್ನಲಿ. ಮೊದಲ ಓಟಗಾರ ಬರುವ ಮೊದಲೇ ಹೇಳಬೇಕು. ನೂಕುನುಗ್ಗಲಿನ ನಡುವೆ ಅವರನ್ನು ಎಬ್ಬಿಸಲು ಹೋಗುವುದೂ ಒಂದು ಅಪಾಯವೇ. ಆಗ ಇದ್ದಲ್ಲೇ ಇರಲಿ ಬಿಡಿ. ಕಾಲು ಮಾತ್ರ ರಸ್ತೆಗೆ ಇಡದಂತೆ ಹೇಳಿದರೆ ಸಾಕು.

ನಿಜವಾಗಿಯೂ ಜನ ಕಡಿಮೆ ಬಿದ್ದಾಗ

ಇದು ಎಲ್ಲಕ್ಕಿಂತ ಕಷ್ಟದ ಘಳಿಗೆ. ಐದೂಕಾಲಿಗೆ ಹಾಜರಿ ನೋಡಿದರೆ 50ರಲ್ಲಿ ಒಂಬತ್ತು ಜನ ಬಂದಿಲ್ಲ. ಮೀಸಲು ಆರು. ಇನ್ನೂ ಮೂರು ಜಾಗ ಖಾಲಿ. ಹಾಜರಿ ಟೇಬಲ್‌ನ ಎದುರು ನಾಲ್ಕು ಉತ್ಸಾಹಿಗಳು ಕೈಕಟ್ಟಿ ನಿಂತಿದ್ದಾರೆ. ದೇವರೇ ಕಳಿಸಿದ ಹಾಗೆ ಕಾಣುತ್ತದೆ, ಅಲ್ವಾ?

ಎರಡು ವರ್ಷದ ಹಿಂದೆ ನಮಗೆ ಹೀಗೇ ಆಯಿತು. ನಾವು ಮಾಡಿದ್ದು ಇದು. ಮೊದಲು ಎಲ್ಲ ತಿರುವುಗಳನ್ನೂ, ವಾಹನ ತಡೆಯುವ ಜಾಗಗಳನ್ನೂ ಕಲಿತವರಿಂದಲೇ ತುಂಬಿದೆವು. ಅದಕ್ಕೆ ಮೀಸಲಿನಲ್ಲಿ ಐದು ಜನ ಹೋದರು. ಉಳಿದ ಒಬ್ಬರು ಓಟ ಮುಗಿಯುವ ಜಾಗಕ್ಕೆ. ಖಾಲಿ ಉಳಿದ ಮೂರು ಜಾಗ ಹೊಂದಿಸಲು ಕೆಲಸವನ್ನೇ ಕಡಿಮೆ ಮಾಡಿದೆವು. ನೀರಿನ ಆರು ಟೇಬಲ್ ಐದಾಯಿತು, ಇದ್ದ ಎಂಟು ಜನ ಅದಕ್ಕೆ ಸಾಕಾದರು. ಬ್ಯಾಗ್ ಇಡುವ ಎರಡು ಕೌಂಟರ್‌ಗಳನ್ನು ಒಂದು ಮಾಡಿದೆವು, ಅಲ್ಲಿ ಸಾಲು ಉದ್ದವಾಯಿತು, ಜನ ಗೊಣಗಿದರು. ನಾನು ಮೈಕಿನಲ್ಲಿ ಕ್ಷಮೆ ಕೇಳಿದೆ. ಕೈಕಟ್ಟಿ ನಿಂತಿದ್ದ ನಾಲ್ವರಿಗೆ ಆಗಲೂ ಬೇಡ ಅಂದೆವು. ಅವರಲ್ಲೊಬ್ಬರು “ನಿಮಗೇ ಜನ ಇಲ್ಲ, ಆದರೂ ಬೇಡ ಅಂತೀರಲ್ಲ” ಅಂದರು. “ಜನ ಕಡಿಮೆ ಇರೋದಕ್ಕೇ ಬೇಡ ಅಂತಿರೋದು. ನಿಮ್ಮ ಜೊತೆ ನಿಲ್ಲೋಕೂ ನನ್ನ ಹತ್ತಿರ ಯಾರೂ ಇಲ್ಲ” ಅಂದೆ. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಸುಮ್ಮನಾದರು.

ಕೆಲಸ ಕಡಿಮೆ ಮಾಡಲೂ ಆಗದ ಸ್ಥಿತಿ ಬಂದರೆ, ಅಂದರೆ ವಾಹನ ನುಗ್ಗಬಹುದಾದ ಒಂದು ಅಡ್ಡರಸ್ತೆಗೇ ಜನ ಇಲ್ಲ ಅಂತಾದರೆ, ಓಟವನ್ನು ಹದಿನೈದು ನಿಮಿಷ ತಡ ಮಾಡಿ. ಬೇರೆ ಕಡೆಯ ಲೀಡರ್ ಒಬ್ಬರನ್ನೇ ಅಲ್ಲಿ ನಿಲ್ಲಿಸಿ. ಹೊಸಬರನ್ನು ಅಡ್ಡರಸ್ತೆಗೆ ನಿಲ್ಲಿಸಬೇಡಿ. ಅವರು ಒಂದು ವಾಹನಕ್ಕೆ “ಹೋಗಿ, ಬೇಗ ಹೋಗಿ” ಅಂತ ದಾರಿ ಬಿಟ್ಟುಕೊಟ್ಟರೆ ಅನಾಹುತಕ್ಕೆ ಅಷ್ಟೇ ಸಾಕು.

ಒಂದು ವಾರದೊಳಗೆ

ಬೇಡ ಅಂದವರ ನಂಬರ್‌ಗಳ ಚೀಟಿ ಬ್ಯಾಗಿನ ತಳದಲ್ಲಿ ಉಳಿದುಬಿಡುತ್ತದೆ. ಅದು ಹಾಗಾಗಲು ಬಿಡಬೇಡಿ. ವಾರದೊಳಗೆ ಒಂದು ಫೋನ್ ಮಾಡಿ. “ಅವತ್ತು ಬೇಡ ಅಂದಿದ್ದೆ. ಮುಂದಿನ ಓಟಕ್ಕೆ ತರಬೇತಿ ಈ ತಾರೀಖು. ಬರ್ತೀರಾ?” ತಾರೀಖು ಇನ್ನೂ ಗೊತ್ತಾಗಿಲ್ಲದಿದ್ದರೆ ಗೊತ್ತಾದ ಮೇಲೆ ಮಾಡಿ. ತಾರೀಖಿಲ್ಲದ ಕರೆ ಮತ್ತೆ ‘ನೋಡ್ತೀನಿ, ಹೇಳ್ತೀನಿ’ ಥರವೇ.

ಆ ನಾಲ್ವರಲ್ಲಿ ಇಬ್ಬರು ಮುಂದಿನ ಸಲ ತರಬೇತಿಗೆ ಬಂದರು. “ಆದರೂ ಬೇಡ ಅಂತೀರಲ್ಲ” ಅಂದವರು ಅವರಲ್ಲಿ ಇರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಮಾಡಲಿಲ್ಲ. ಬಂದ ಇಬ್ಬರಿಗೂ ನಾನು ಮೊದಲ ವರ್ಷ ಕೊಟ್ಟದ್ದು ಕೊನೆಯ ಟೇಬಲ್. ಅಲ್ಲಿ ರಶ್ ಕಡಿಮೆ, ಲೀಡರ್ ನಿಲ್ಲುವುದೂ ಅದರ ಪಕ್ಕದಲ್ಲೇ.